ತೇವ, ಉಪ್ಪುಗಾಳಿ, ಉರಿಬಿಸಿಲು: ಹೊರಗೋಡೆಗೆ ಬಣ್ಣ ಆರಿಸುವ ಕ್ರಮ

ಸಮುದ್ರದ ಕಡೆಗೆ ಮುಖ ಮಾಡಿದ ಗೋಡೆಯ ಬಣ್ಣ ಎರಡೇ ವರ್ಷಕ್ಕೆ ಗುಳ್ಳೆ ಎದ್ದರೆ ಎಲ್ಲರೂ ದೂರುವುದು ಬಣ್ಣವನ್ನೇ. ಮುಂದಿನ ಸಲ ಇನ್ನೂ ದಪ್ಪದ, ನೀರನ್ನು ಒಂದಿಷ್ಟೂ ಒಳಗೆ ಬಿಡದ ಬಣ್ಣ ತಂದು ಬಳಿಸುತ್ತಾರೆ. ಅದು ಮೊದಲಿನದಕ್ಕಿಂತ ಬೇಗ ಏಳುತ್ತದೆ, ಏಳುವಾಗ ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ. ಇಂಥ ಗೋಡೆಯಲ್ಲಿ ಬಣ್ಣವನ್ನು ದೂಡುವ ಒತ್ತಡ ಹೆಚ್ಚಿನ ಸಲ ಒಳಗಿನಿಂದ ಬರುತ್ತದೆ ಎಂಬುದೇ ಇದಕ್ಕೆ ಕಾರಣ. ಹಾಗಾಗಿ ಬಣ್ಣ ಆರಿಸುವಾಗ ಕೇಳಬೇಕಾದ ಪ್ರಶ್ನೆ ಎರಡು: ಹೊರಗಿನ ಮಳೆನೀರನ್ನು ಅದು ಎಷ್ಟು ತಡೆಯುತ್ತದೆ, ಒಳಗಿನ ತೇವವನ್ನು ಆವಿಯಾಗಿ ಎಷ್ಟು ಹೊರಬಿಡುತ್ತದೆ? ಎರಡನೆಯದನ್ನು ಕೇಳುವವರು ತೀರ ಕಡಿಮೆ.

ತೇವ, ಉಪ್ಪು, ಬಿಸಿಲು ಬಿಡಿಬಿಡಿಯಾಗಿ ಬಂದರೆ ಒಳ್ಳೆಯ ಬಣ್ಣ ತಡೆದುಕೊಳ್ಳುತ್ತದೆ. ಮೂರೂ ಕೂಡಿದಾಗ ನಡೆಯುವುದೇ ಬೇರೆ. ಅಡುಗೆ ಉಪ್ಪಿನ ರಾಸಾಯನಿಕವೇ ಆದ ಸೋಡಿಯಂ ಕ್ಲೋರೈಡ್, ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75ನ್ನು ದಾಟಿದರೆ ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ, ಅದಕ್ಕಿಂತ ಕೆಳಗಿಳಿದರೆ ಮತ್ತೆ ಹರಳಾಗುತ್ತದೆ. ಕಡಲಂಚಿನಲ್ಲಿ ರಾತ್ರಿಯ ಆರ್ದ್ರತೆ ಈ ಗಡಿಯನ್ನು ದಾಟುವುದು, ಮಧ್ಯಾಹ್ನದ ಬಿಸಿಲಿಗೆ ಇಳಿಯುವುದು ತೀರ ಸಾಮಾನ್ಯ. ಅಂದರೆ ಗಾರೆಯ ರಂಧ್ರಗಳಲ್ಲಿ ಸೇರಿಕೊಂಡ ಉಪ್ಪು ದಿನಕ್ಕೊಮ್ಮೆ ಕರಗಿ ದಿನಕ್ಕೊಮ್ಮೆ ಹರಳುಗಟ್ಟಬಹುದು, ಹರಳು ಬೆಳೆದಾಗಲೆಲ್ಲ ಬಣ್ಣದ ಬೆನ್ನನ್ನು ಒತ್ತಬಹುದು. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು ಆರ್ದ್ರತೆ ಶೇಕಡಾ 33ರಷ್ಟಿದ್ದರೂ ನೀರು ಹೀರುತ್ತದೆ. ಮಳೆ ನಿಂತು ವಾರ ಕಳೆದರೂ ಇಂಥ ಗೋಡೆ ಕೈಗೆ ತಂಪಾಗಿ, ಜಿಗುಟಾಗಿ ತಗುಲುವುದು ಇದರಿಂದಲೇ.

ಹಂತ 1: ಎದ್ದ ಬಣ್ಣದ ಬೆನ್ನು ನೋಡಿ

ಬಣ್ಣದ ಪಟ್ಟಿ ಹಿಡಿದು ಕೂರುವ ಮೊದಲು ಸ್ಕ್ರೇಪರ್ ಹಿಡಿದು ಗೋಡೆಯ ಹತ್ತಿರ ಹೋಗಿ. ಎದ್ದ ಜಾಗದಿಂದ ಅಂಗೈ ಅಗಲದ ಒಂದು ಹಕ್ಕಳೆಯನ್ನು ಮುರಿಯದಂತೆ ಬಿಡಿಸಿ, ಮಗುಚಿ, ಬೆಳಕಿಗೆ ಹಿಡಿಯಿರಿ. ಗೋಡೆಗೆ ಏನಾಗಿದೆ ಎಂಬುದನ್ನು ಬಣ್ಣದ ಮುಂಭಾಗಕ್ಕಿಂತ ಹಿಂಭಾಗ ಚೆನ್ನಾಗಿ ತಿಳಿಸುತ್ತದೆ.

ಹಿಂಬದಿಯಲ್ಲಿ ಬಿಳಿಯ ನಯವಾದ ಸೂಜಿಗಳೋ ಹತ್ತಿಯಂಥ ಎಳೆಗಳೋ ಕಂಡರೆ ಅದು ಲವಣ. ಹಿಂದಿನಿಂದ ನೀರು ಬಂದಿದೆ, ಬರುತ್ತಾ ಉಪ್ಪನ್ನೂ ತಂದಿದೆ. ಮರಳು ಕಣಗಳ ಸಮೇತ ಗಾರೆಯ ತೆಳು ಪದರವೇ ಅಂಟಿಕೊಂಡು ಬಂದಿದ್ದರೆ ಬಣ್ಣದ ಅಂಟು ಸೋತಿಲ್ಲ, ಕೆಳಗಿನ ಗಾರೆಯೇ ಕುಸಿದಿದೆ. ಅಲ್ಲಿ ಎಷ್ಟು ಬಲವಾದ ಬಣ್ಣ ಬಳಿದರೂ ಅಷ್ಟೇ ಬಲವಾಗಿ ಗಾರೆ ಕಳಚುತ್ತದೆ. ಬರೀ ಬಿಳಿ ಹುಡಿ ಮೆತ್ತಿಕೊಂಡಿದ್ದರೆ, ಹಳೆಯ ಸುಣ್ಣದ ಮೇಲೋ ಬಿಸಿಲಿಗೆ ಹುಡಿಯಾದ ಹಳೆಯ ಬಣ್ಣದ ಮೇಲೋ ನೇರವಾಗಿ ಬಳಿದಿದ್ದಾರೆ ಎಂದರ್ಥ. ಈ ಮೂರನೆಯದಕ್ಕೆ ನೀರು ಕಾರಣವಲ್ಲ, ತಯಾರಿಯ ಕೊರತೆ ಕಾರಣ.

ಗುಳ್ಳೆ ಇನ್ನೂ ಒಡೆಯದೆ ಇದ್ದರೆ ಸೂಜಿಯಿಂದ ಚುಚ್ಚಿ. ಒಳಗಿನಿಂದ ನೀರು ಒಸರಿದರೆ, ಬಣ್ಣದ ಕೆಳಗೆ ಸಿಕ್ಕಿಬಿದ್ದ ಉಪ್ಪು ನೀರನ್ನು ತನ್ನತ್ತ ಸೆಳೆದುಕೊಂಡಿರುವ ಸಾಧ್ಯತೆ ಹೆಚ್ಚು. ಗೋಡೆಯನ್ನು ತೊಳೆಯದೆ ಬಳಿದಾಗ ಆಗುವುದು ಇದೇ.

ಹಾನಿ ಎಲ್ಲಿದೆ ಎಂಬುದನ್ನೂ ಗುರುತಿಸಿಕೊಳ್ಳಿ. ನೆಲದಿಂದ ಸುಮಾರು ಒಂದು ಮೀಟರಿನವರೆಗೆ ಅಡ್ಡಪಟ್ಟಿಯಂತೆ ಇದ್ದರೆ ನೆಲದ ತೇವ ಮೇಲೇರುತ್ತಿದೆ. ಪ್ಯಾರಪೆಟ್‌ನ ಕೆಳಗೆ ಇದ್ದರೆ ಮೇಲಿನಿಂದ ಇಳಿಯುತ್ತಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗಿದ್ದರೆ ಬಿರುಕನ್ನು ಹುಡುಕಿ. ಉದ್ದನೆಯ ನೇರ ಗೆರೆಯಲ್ಲಿ ಕಂದು ಕಲೆ ಇಳಿದು ಗಾರೆ ಉಬ್ಬಿದ್ದರೆ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಸೀಳುತ್ತದೆ. ಅದು ಬಣ್ಣದ ಕೆಲಸವಲ್ಲ. ಸರಳಿನ ಹಿಂಬದಿಯವರೆಗೆ ಕಾಂಕ್ರೀಟನ್ನು ಒಡೆದು, ತುಕ್ಕು ತೆಗೆದು, ರಕ್ಷಕ ಲೇಪ ಕೊಟ್ಟು, ದುರಸ್ತಿ ಗಾರೆ ತುಂಬಿದ ಮೇಲೆಯೇ ಬಣ್ಣದ ಮಾತು.

ಹಂತ 2: ನೀರಿನ ದಾರಿ ಹಿಡಿಯಿರಿ

ತೇವ ಒಳಗಿನಿಂದ ಬರುತ್ತಿದೆಯೇ ಎಂದು ನೋಡಲು ಒಂದು ಹಳೆಯ ಪರೀಕ್ಷೆಯೇ ಸಾಕು. ಅರ್ಧ ಮೀಟರ್ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ನೇರ ಬಿಸಿಲು ಬೀಳುವ ಹೊತ್ತನ್ನು ತಪ್ಪಿಸಿ, ಸಂಜೆ ಅಂಟಿಸಿ ಮರುದಿನ ನೋಡುವುದು ವಾಸಿ. ಹಾಳೆಯ ಒಳಮೈಯಲ್ಲಿ ನೀರಹನಿ ಇದ್ದರೆ ಅಥವಾ ಅದರಡಿಯ ಗಾರೆ ಕಪ್ಪಾಗಿದ್ದರೆ ಗೋಡೆ ಇನ್ನೂ ಬಣ್ಣಕ್ಕೆ ಸಿದ್ಧವಿಲ್ಲ. ಟೇಪು ಹಿಡಿಯದಷ್ಟು ಗೋಡೆ ಹುಡಿಯಾಗಿದ್ದರೆ ಅಂಚಿನಷ್ಟು ಜಾಗವನ್ನು ಮೊದಲು ಉಜ್ಜಿ ಒರೆಸಿಕೊಳ್ಳಿ.

ಎರಡು ಮೊನೆಗಳನ್ನು ಗೋಡೆಗೆ ಚುಚ್ಚಿ ಅಳೆಯುವ ತೇವಮಾಪಕವನ್ನು ಉಪ್ಪು ತುಂಬಿದ ಗೋಡೆಯಲ್ಲಿ ಪೂರ್ತಿ ನಂಬಬೇಡಿ. ಅದು ನಿಜವಾಗಿ ಅಳೆಯುವುದು ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಉಪ್ಪಿದ್ದರೆ ಸ್ವಲ್ಪವೇ ತೇವದಲ್ಲೂ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಮಾಪಕದ ಅಂಕಿ ಮೇಲೇರುತ್ತದೆ. ಒಂದು ಜಾಗದ ಅಂಕಿಯನ್ನು ಇನ್ನೊಂದು ಜಾಗದ ಅಂಕಿಯೊಂದಿಗೆ ಹೋಲಿಸಲು ಮಾತ್ರ ಅದನ್ನು ಬಳಸಿ.

ದಾರಿ ಸಿಕ್ಕಿದ ಮೇಲೆ ಮುಚ್ಚುವುದು ಬಣ್ಣಕ್ಕಿಂತ ಮುಂಚಿನ ಕೆಲಸ. ಪ್ಯಾರಪೆಟ್‌ನ ತಲೆ, ಸಜ್ಜಾ ಗೋಡೆಗೆ ಸೇರುವ ಮೂಲೆ, ಕೊಳವೆ ಗೋಡೆಯೊಳಗೆ ಹೋಗುವ ತೂತು, ಕಿಟಕಿಯ ಚೌಕಟ್ಟಿನ ಸುತ್ತ, ಇವಿಷ್ಟನ್ನು ನೋಡಿದರೆ ಹೆಚ್ಚಿನ ಸೋರಿಕೆ ಸಿಕ್ಕಿಬಿಡುತ್ತದೆ. ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಗೀರು ಇಲ್ಲದಿದ್ದರೆ ನೀರು ಅಡಿಮೈಯನ್ನೇ ಹಿಡಿದು ಗೋಡೆಗೆ ಬಂದು ಸೇರುತ್ತದೆ. ಆ ಒಂದು ಗೀರು ಎಷ್ಟೋ ಲೀಟರ್ ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನೆಲದಿಂದ ಏರುವ ತೇವದ ಮಾತು ಬೇರೆ. ಅದನ್ನು ತಡೆಯಲು ತಳಪಾಯದ ಮಟ್ಟದಲ್ಲಿ ಕೆಲಸ ಬೇಕು. ಅದು ಆಗದಿದ್ದರೆ ಆ ಒಂದು ಮೀಟರ್ ಪಟ್ಟಿಯನ್ನು ಉಳಿದ ಗೋಡೆಯಿಂದ ಬೇರೆಯೇ ಎಂದು ಎಣಿಸಿ, ಬೇರೆಯದೇ ಬಣ್ಣ ಕೊಡಿ. ಹೇಗೆ ಎಂದು ಮುಂದೆ ಬರುತ್ತದೆ.

ಹಂತ 3: ಉಪ್ಪು ತೆಗೆಯುವಾಗ ನೀರು ಯಾವಾಗ, ಒಣ ಬ್ರಶ್ ಯಾವಾಗ

ಇಲ್ಲಿ ತಪ್ಪುವವರು ಬಹಳ. ಗೋಡೆಯ ಮೇಲಿನ ಉಪ್ಪು ಎರಡು ದಾರಿಯಿಂದ ಬರುತ್ತದೆ, ಎರಡಕ್ಕೂ ಒಂದೇ ಮದ್ದಲ್ಲ.

ಗೋಡೆಯ ಒಳಗಿನಿಂದ ಹೊರಬಂದು ಬಿಳಿಯಾಗಿ ಅರಳಿದ ಲವಣವನ್ನು ಒಣಗಿದ್ದಾಗಲೇ ಗಟ್ಟಿ ಬ್ರಶ್‌ನಿಂದ ಉಜ್ಜಿ, ಕೆಳಗೆ ಹಾಸಿದ ಹಾಳೆಯ ಮೇಲೆ ಬೀಳಿಸಿ, ಆಚೆ ಒಯ್ದು ಬಿಸಾಡಬೇಕು. ನೀರು ಹೊಡೆದರೆ ಅದು ಕರಗಿ ಗಾರೆಯೊಳಕ್ಕೇ ಮರಳುತ್ತದೆ, ಒಣಗಿದಾಗ ಮತ್ತೆ ಅರಳುತ್ತದೆ. ಉಜ್ಜಿ ಒಂದೆರಡು ವಾರ ಬಿಟ್ಟು ನೋಡಿ. ಮತ್ತೆ ಬಿಳಿಯಾದರೆ ಮತ್ತೆ ಉಜ್ಜಿ. ಪ್ರತಿ ಸಲವೂ ಮೊದಲಿನಷ್ಟೇ ಬರುತ್ತಿದ್ದರೆ ನೀರಿನ ದಾರಿ ಇನ್ನೂ ತೆರೆದಿದೆ ಎಂದು ತಿಳಿಯಿರಿ. ಗಾರೆಗೆ ಬಳಸಿದ ಮರಳಿನಲ್ಲೇ ಉಪ್ಪಿದ್ದರೆ ಎಷ್ಟು ಉಜ್ಜಿದರೂ ಮುಗಿಯುವುದು ಕಷ್ಟ. ಆ ಗಾರೆಯನ್ನು ತೆಗೆದು ಹೊಸದು ಮಾಡುವುದೇ ದಾರಿ.

ಗಾಳಿ ತಂದು ಮೇಲೆ ಅಂಟಿಸಿದ ಉಪ್ಪನ್ನು ಮಾತ್ರ ಸಿಹಿನೀರಿನಿಂದಲೇ ತೊಳೆಯಬೇಕು. ಈ ಉಪ್ಪು ಎಲ್ಲಿ ಹೆಚ್ಚು ಎಂಬುದು ಅನೇಕರ ಎಣಿಕೆಗೆ ತದ್ವಿರುದ್ಧ. ಮಳೆ ನೇರವಾಗಿ ಬಡಿಯುವ ಭಾಗವನ್ನು ಮಳೆಯೇ ತೊಳೆದಿರುತ್ತದೆ. ಸಜ್ಜಾದ ಅಡಿ, ಮುಂಚಾಚಿದ ಸೂರಿನ ಕೆಳಗೆ, ಬಾಲ್ಕನಿಯ ಒಳಗೋಡೆ, ಇಲ್ಲೆಲ್ಲ ಗಾಳಿ ಉಪ್ಪನ್ನು ತಂದು ಇಡುತ್ತದೆ, ಮಳೆ ಬಂದು ಒಯ್ಯುವುದಿಲ್ಲ. ಮಳೆಗೆ ಮರೆಯಾದ ಜಾಗ ಚೆನ್ನಾಗಿದೆ ಎಂದು ಬಿಡಬೇಡಿ, ಅದನ್ನೇ ಹೆಚ್ಚು ಶ್ರದ್ಧೆಯಿಂದ ತೊಳೆಯಿರಿ. ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ, ಮೇಲಿನಿಂದ ಕೆಳಕ್ಕೆ ನೀರು ಬಿಡಿ. ರಭಸದ ಯಂತ್ರ ಬಳಸುವುದಾದರೆ ಒತ್ತಡ ಕಡಿಮೆ ಇಡಿ. ಇಲ್ಲದಿದ್ದರೆ ಹೊರಗಿನ ಉಪ್ಪನ್ನು ಬಿರುಕಿನೊಳಗೆ ನೀವೇ ತಳ್ಳಿದಂತಾಗುತ್ತದೆ.

ಬಿಳಿ ಕಲೆ ಹೋಗಲೆಂದು ಹೈಡ್ರೋಕ್ಲೋರಿಕ್ ಆಮ್ಲ ಬಳಿಯುವವರಿದ್ದಾರೆ. ಉಪ್ಪುಗಾಳಿಯ ಗೋಡೆಗೆ ಇದು ಬೇಡವೇ ಬೇಡ. ಆಮ್ಲ ಸುಣ್ಣದೊಂದಿಗೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ. ಅದೂ ನೀರು ಹೀರುವ ಉಪ್ಪೇ, ಒಳಗಿನ ಕಬ್ಬಿಣಕ್ಕೂ ವೈರಿ.

ಪಾಚಿ, ಬೂಷ್ಟು ಇದ್ದರೆ ಅದಕ್ಕೆಂದೇ ಸಿಗುವ ದ್ರಾವಣ ಬಳಿದು, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಉಜ್ಜಿ ತೊಳೆಯಿರಿ. ಬ್ಲೀಚ್ ಬಳಸಿದರೆ ಅದನ್ನು ಆಮ್ಲದೊಂದಿಗೆ ಎಂದೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಹಳೆಯ ಕಟ್ಟಡದ ಬಣ್ಣದಲ್ಲಿ ಸೀಸ ಇರುವ ಅನುಮಾನವಿದ್ದರೆ ಒಣದಾಗಿ ಉಜ್ಜಬೇಡಿ.

ಹಂತ 4: ಎರಡು ಅಂಕಿಗಳನ್ನು ಓದಲು ಕಲಿಯಿರಿ

ಡಬ್ಬದ ಮುಂಬದಿಯಲ್ಲಿ ದೊಡ್ಡಕ್ಷರದಲ್ಲಿರುವ ಹೆಸರುಗಳನ್ನು ಬಿಟ್ಟು ತಯಾರಕರ ತಾಂತ್ರಿಕ ಮಾಹಿತಿ ಪತ್ರವನ್ನು ಕೇಳಿ ಪಡೆಯಿರಿ. ಹೊರಗೋಡೆಯ ಬಣ್ಣಗಳನ್ನು ವರ್ಗೀಕರಿಸುವ ಯುರೋಪಿನ ಮಾನದಂಡ ಇಎನ್ 1062 ಈ ವಿಷಯದಲ್ಲಿ ಬಹಳ ಉಪಯುಕ್ತ. ಹಲವು ತಯಾರಕರು ಅದರ ಪ್ರಕಾರವೇ ಅಂಕಿ ಕೊಡುತ್ತಾರೆ.

ಮೊದಲನೆಯದು ನೀರು ಹೀರುವ ಪ್ರಮಾಣ, ಡಬ್ಲ್ಯೂ ಮೌಲ್ಯ. ಒಂದು ಚದರ ಮೀಟರ್ ಬಣ್ಣದ ಮೈ ಎಷ್ಟು ಕಿಲೋ ನೀರು ಹೀರುತ್ತದೆ ಎಂಬುದನ್ನು ಗಂಟೆಗಳ ವರ್ಗಮೂಲಕ್ಕೆ ಹೊಂದಿಸಿ ಇದರಲ್ಲಿ ಹೇಳಿರುತ್ತಾರೆ. 0.1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡಬ್ಲ್ಯೂ 3 ವರ್ಗ, ಅಂದರೆ ಕಡಿಮೆ ಹೀರುವಂಥದು. 0.5ಕ್ಕಿಂತ ಹೆಚ್ಚಿದ್ದರೆ ಡಬ್ಲ್ಯೂ 1. ಲೆಕ್ಕ ಹಾಕಿದರೆ ಅಂತರ ಕಣ್ಣಿಗೆ ಕಟ್ಟುತ್ತದೆ: 24ರ ವರ್ಗಮೂಲ ಸುಮಾರು 4.9. ಇಡೀ ದಿನ ನೆನೆದರೂ 0.1ರ ಬಣ್ಣ ಚದರ ಮೀಟರಿಗೆ ಅರ್ಧ ಕಿಲೋ ನೀರನ್ನಷ್ಟೇ ಒಳಬಿಡುತ್ತದೆ, 0.5ರ ಬಣ್ಣ ಎರಡೂವರೆ ಕಿಲೋದಷ್ಟು ಬಿಡುತ್ತದೆ.

ಎರಡನೆಯದು ಆವಿಗೆ ಒಡ್ಡುವ ತಡೆ, ಎಸ್‌ಡಿ ಮೌಲ್ಯ. ಬಣ್ಣದ ಪದರ ಎಷ್ಟು ಮೀಟರ್ ದಪ್ಪದ ನಿಶ್ಚಲ ಗಾಳಿಯಷ್ಟು ತಡೆ ಒಡ್ಡುತ್ತದೆ ಎಂದು ಇದು ಹೇಳುತ್ತದೆ. 0.14 ಮೀಟರಿಗಿಂತ ಕಡಿಮೆ ಇದ್ದರೆ ವಿ 1 ವರ್ಗ, ಆವಿ ಸಲೀಸಾಗಿ ಹೋಗುತ್ತದೆ. 1.4 ಮೀಟರ್ ದಾಟಿದರೆ ವಿ 3, ಆವಿಗೆ ದಾರಿ ಬಹುಮಟ್ಟಿಗೆ ಬಂದ್. ನಡುವಿನದು ವಿ 2. ಕೆಲವು ಪತ್ರಗಳಲ್ಲಿ ಎಸ್‌ಡಿ ಬದಲು ಚದರ ಮೀಟರಿಗೆ ದಿನಕ್ಕೆ ಎಷ್ಟು ಗ್ರಾಂ ಆವಿ ಹಾದುಹೋಗುತ್ತದೆ ಎಂದಿರುತ್ತದೆ. 21ನ್ನು ಆ ಗ್ರಾಮಿನಿಂದ ಭಾಗಿಸಿದರೆ ಎಸ್‌ಡಿ ಸುಮಾರಾಗಿ ಸಿಗುತ್ತದೆ. 150 ಗ್ರಾಂ ಎಂದಿದ್ದರೆ 0.14.

ಇವೆರಡನ್ನೂ ಕೂಡಿಸಿ ನೋಡುವ ನಿಯಮವನ್ನು ಜರ್ಮನಿಯ ಕಟ್ಟಡ ಭೌತವಿಜ್ಞಾನಿ ಹೆಲ್ಮುಟ್ ಕ್ಯುಂಜೆಲ್ ಕೊಟ್ಟರು. ಡಬ್ಲ್ಯೂ 0.5ನ್ನು ದಾಟಬಾರದು, ಎಸ್‌ಡಿ 2 ಮೀಟರನ್ನು ದಾಟಬಾರದು, ಎರಡರ ಗುಣಲಬ್ಧ 0.1ನ್ನು ದಾಟಬಾರದು. ಮಳೆಯಲ್ಲಿ ಒಳಹೊಕ್ಕ ನೀರು ಬಿಸಿಲಿನಲ್ಲಿ ಹೊರಹೋಗುವಷ್ಟು ಸಮಯ ಸಿಗಬೇಕು ಎಂಬುದೇ ಇದರ ತಿರುಳು. ಡಬ್ಲ್ಯೂ 0.03, ಎಸ್‌ಡಿ 2.5 ಇರುವ ಒಂದು ದಪ್ಪ ಬಣ್ಣವನ್ನು ಈ ನಿಯಮಕ್ಕೆ ಹಿಡಿದು ನೋಡಿ. ಗುಣಲಬ್ಧ 0.075, ತೇರ್ಗಡೆ. ಆದರೆ ಎಸ್‌ಡಿ 2ನ್ನು ದಾಟಿದೆ, ಹಾಗಾಗಿ ಅನುತ್ತೀರ್ಣ. ನೀರನ್ನು ಎಷ್ಟೇ ಚೆನ್ನಾಗಿ ತಡೆದರೂ ಬಿರುಕಿನಿಂದ ಒಮ್ಮೆ ಒಳಹೋದ ನೀರಿಗೆ ಹೊರದಾರಿ ಇಲ್ಲ. ತೇವದ ತೊಂದರೆ ಇರುವ ಗೋಡೆಗೆ ನಾನು ಇನ್ನೂ ಬಿಗಿಯಾದ ಗೆರೆ ಹಾಕುತ್ತೇನೆ: ಡಬ್ಲ್ಯೂ 3 ಇರಬೇಕು, ವಿ 1 ಇರಬೇಕು, ಎರಡೂ ಒಂದೇ ಡಬ್ಬದಲ್ಲಿ ಇರಬೇಕು.

ಹಳೆಯ ಪದರಗಳ ಎಸ್‌ಡಿ ಹೊಸದರೊಂದಿಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ಗೋಡೆಯ ಮೇಲೆ ಈಗಾಗಲೇ ನಾಲ್ಕಾರು ಸಲ ಬಳಿದ ದಪ್ಪ ಬಣ್ಣ ಒಟ್ಟು 1.5 ಮೀಟರ್ ತಡೆ ಒಡ್ಡುತ್ತಿದ್ದರೆ, ಅದರ ಮೇಲೆ 0.1ರ ಬಣ್ಣ ಬಳಿದಾಗ ಸಿಗುವುದು 1.6. ಮಳೆಯಂಗಿಯ ಮೇಲೆ ಹತ್ತಿಯ ಅಂಗಿ ತೊಟ್ಟ ಹಾಗೆ. ಉಸಿರಾಡುವ ಬಣ್ಣಕ್ಕೆ ಹಣ ಕೊಡುವುದಾದರೆ ಹಳೆಯದನ್ನು ಕೆರೆದು ತೆಗೆಯುವ ಕೆಲಸಕ್ಕೂ ಕೊಡಲೇಬೇಕು.

ಹಂತ 5: ಯಾವ ಬಣ್ಣ, ಯಾವ ಗೋಡೆಗೆ

ಎಣ್ಣೆ ಆಧಾರಿತ ಎನಾಮೆಲನ್ನು ಮೊದಲೇ ಪಟ್ಟಿಯಿಂದ ಹೊರಗಿಡಿ. ಸಿಮೆಂಟಿನ ಕ್ಷಾರ ಅದರ ಎಣ್ಣೆಯನ್ನು ಸಾಬೂನಿನಂತೆ ಮಾಡಿ ಸಡಿಲಿಸುತ್ತದೆ. ಬಿಸಿಲಿಗೆ ಅದು ಪೆಡಸಾಗಿ ಬಿರಿಯುತ್ತದೆ, ಆವಿಗಂತೂ ಬಿಗಿಯಾದ ಗೋಡೆಯಾಗುತ್ತದೆ.

ಅಕ್ರಿಲಿಕ್ ಎಮಲ್ಷನ್ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು. ಇದರಲ್ಲಿ ಶುದ್ಧ ಅಕ್ರಿಲಿಕ್ ಯಾವುದು, ಸ್ಟೈರೀನ್ ಬೆರೆತದ್ದು ಯಾವುದು ಎಂದು ವಿಚಾರಿಸಿ. ಸ್ಟೈರೀನ್ ಇರುವುದು ನೀರಿಗೆ ಚೆನ್ನಾಗಿ ನಿಂತರೂ ಬಿಸಿಲಿನ ನೇರಳಾತೀತ ಕಿರಣಕ್ಕೆ ಬೇಗ ಹಳದಿಯಾಗುತ್ತದೆ, ಹುಡಿಯಾಗುತ್ತದೆ. ಗೋಡೆ ಒಣಗಿದ್ದು, ತೊಂದರೆ ಕೇವಲ ಮಳೆ ಬಿಸಿಲಿನದ್ದಾದರೆ ಶುದ್ಧ ಅಕ್ರಿಲಿಕ್ ಸಾಕು. ಆದರೆ ಹೆಚ್ಚಿನವು ವಿ 2 ವರ್ಗದಲ್ಲಿ ನಿಲ್ಲುತ್ತವೆ.

ಇಲಾಸ್ಟೊಮೆರಿಕ್ ಎಂದು ಮಾರುವುದು ರಬ್ಬರಿನಂತೆ ಹಿಗ್ಗುವ ದಪ್ಪ ಅಕ್ರಿಲಿಕ್. ಕೂದಲೆಳೆಯ ಬಿರುಕುಗಳ ಮೇಲೆ ಸೇತುವೆಯಾಗಿ ನಿಲ್ಲುವುದು ಇದರ ಗುಣ. ಅದೇ ಇಎನ್ 1062ರಲ್ಲಿ ಇದಕ್ಕೂ ವರ್ಗಗಳಿವೆ: ಎ 1 ಅಂದರೆ 0.1 ಮಿಲಿಮೀಟರಿಗಿಂತ ಹೆಚ್ಚಿನ ಬಿರುಕನ್ನು, ಎ 2 ಅಂದರೆ 0.25ಕ್ಕಿಂತ ಹೆಚ್ಚಿನದನ್ನು, ಎ 3 ಅಂದರೆ 0.5ಕ್ಕಿಂತ ಹೆಚ್ಚಿನದನ್ನು ದಾಟಿ ಮುಚ್ಚಬಲ್ಲದು. ಮಳೆ ಬಡಿಯುವ, ತುಂಬ ಬಿರುಕಿರುವ, ಆದರೆ ಹಿಂದಿನಿಂದ ತೇವ ಬಾರದ ಮೇಲಿನ ಗೋಡೆಗೆ ಇದು ಒಳ್ಳೆಯ ಆಯ್ಕೆ. ನೆಲದ ತೇವ ಏರುವ ಗೋಡೆಗೆ, ಒಳಗೆ ಉಪ್ಪಿರುವ ಗಾರೆಗೆ ಇದನ್ನು ಬಳಿದರೆ ದೊಡ್ಡ ದೊಡ್ಡ ಗುಳ್ಳೆಗಳಾಗಿ ಎದ್ದು ನೀರು ತುಂಬಿದ ಚೀಲದಂತೆ ಜೋಲುತ್ತದೆ. ತೇವದ ಗೋಡೆಗೆಂದು ಅಂಗಡಿಯಲ್ಲಿ ಮೊದಲು ತೋರಿಸುವುದು ಇದನ್ನೇ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸಿಲಿಕೋನ್ ರೆಸಿನ್ ಎಮಲ್ಷನ್ ನಮ್ಮ ಮೂರು ತೊಂದರೆಗೂ ಹತ್ತಿರದ ಉತ್ತರ. ರಂಧ್ರಗಳನ್ನು ಮುಚ್ಚದೆ ಅವುಗಳ ಒಳಮೈಯನ್ನು ನೀರಂಟದಂತೆ ಮಾಡುತ್ತದೆ. ನೀರಿನ ಹನಿ ಹೊರಗೇ ಉಳಿಯುತ್ತದೆ, ಆವಿ ಹೊರಡುತ್ತದೆ. ಬಿಸಿಲಿಗೂ ಚೆನ್ನಾಗಿ ನಿಲ್ಲುತ್ತದೆ. ಆದರೆ ಸಾಧಾರಣ ಅಕ್ರಿಲಿಕ್‌ಗೆ ಚಿಟಿಕೆ ಸಿಲಿಕೋನ್ ಬೆರೆಸಿ ಅದೇ ಹೆಸರಲ್ಲಿ ಮಾರುವುದುಂಟು. ಹೆಸರನ್ನು ನೋಡದೆ ಅಂಕಿ ನೋಡಿ. ನಿಜವಾದ ಸಿಲಿಕೋನ್ ರೆಸಿನ್ ಬಣ್ಣ ಡಬ್ಲ್ಯೂ 3, ವಿ 1 ಎರಡನ್ನೂ ಕೊಡುತ್ತದೆ. ಒಂದನ್ನಷ್ಟೇ ಬರೆದಿದ್ದರೆ ಇನ್ನೊಂದನ್ನು ಯಾಕೆ ಬಿಟ್ಟಿದ್ದಾರೆಂದು ಕೇಳಿ.

ಸಿಲಿಕೇಟ್ ಬಣ್ಣದ ಕ್ರಮವೇ ಬೇರೆ. ಪೊಟ್ಯಾಸಿಯಂ ಸಿಲಿಕೇಟ್ ಗಾರೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಹಾಳೆಯಂತೆ ಏಳಲು ಅಲ್ಲಿ ಹಾಳೆಯೇ ಇರುವುದಿಲ್ಲ. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ ಇದಕ್ಕೆ 1878ರಲ್ಲಿ ಹಕ್ಕುಪತ್ರ ಪಡೆದರು. ಆವಿಗೆ ತಡೆ ತೀರ ಕಡಿಮೆ, ಬಣ್ಣದ ಹುಡಿ ಖನಿಜದ್ದೇ ಆದ್ದರಿಂದ ಬಿಸಿಲಿಗೆ ಮಾಸುವುದೂ ಕಡಿಮೆ. ಇದರ ಮಿತಿ ಒಂದು: ಹಳೆಯ ಅಕ್ರಿಲಿಕ್ ಮೇಲೆ ಶುದ್ಧ ಸಿಲಿಕೇಟ್ ಹಿಡಿಯುವುದಿಲ್ಲ. ಬರಿಯ ಗಾರೆ, ಕಲ್ಲು, ಸುಣ್ಣ ಬೇಕು. ಸೋಲ್-ಸಿಲಿಕೇಟ್ ಎಂಬ ಹೊಸ ಬಗೆ ಗಟ್ಟಿಯಾಗಿರುವ ಹಳೆಯ ಎಮಲ್ಷನ್ ಮೇಲೂ ನಿಲ್ಲುತ್ತದೆ. ಬಳಿಯುವಾಗ ಕಿಟಕಿಯ ಗಾಜನ್ನು ಮುಚ್ಚಿ, ಸಿಲಿಕೇಟ್ ಬಿದ್ದರೆ ಗಾಜಿನ ಮೈ ಕೊರೆದುಹೋಗುತ್ತದೆ.

ನೆಲದ ತೇವ ಏರುವ ಆ ಕೆಳಪಟ್ಟಿಗೆ ನನ್ನ ಸಲಹೆ ಇದು: ಉಪ್ಪು ತುಂಬಿದ ಗಾರೆಯನ್ನು ಕಲೆ ಕಂಡದ್ದಕ್ಕಿಂತ ಅರ್ಧ ಮೀಟರ್ ಮೇಲಿನವರೆಗೂ ತೆಗೆದು, ಸುಣ್ಣದ ಗಾರೆ ಮಾಡಿ, ಸಿಲಿಕೇಟ್ ಅಥವಾ ಸುಣ್ಣದ ಬಣ್ಣ ಬಳಿಯಿರಿ. ಆ ಗಾರೆ ಉಪ್ಪನ್ನು ತನ್ನೊಳಗೆ ತುಂಬಿಕೊಂಡು ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಸವೆಯುವುದೇ ಅದರ ಕೆಲಸ, ಹಿಂದಿನ ಗೋಡೆ ಉಳಿಯುತ್ತದೆ.

ಹಂತ 6: ಬಿಸಿಲಿಗೆ ನಿಲ್ಲುವ ವರ್ಣ

ಮಾಸುವುದು ಬಣ್ಣದ ಗುಣಮಟ್ಟದಷ್ಟೇ ಅದರೊಳಗಿನ ವರ್ಣಕಣವನ್ನೂ ಅವಲಂಬಿಸುತ್ತದೆ. ಕಬ್ಬಿಣದ ಆಕ್ಸೈಡುಗಳಿಂದ ಬರುವ ಕಾವಿ, ಮಣ್ಣಿನ ಹಳದಿ, ಕಂದು, ಬೂದು ಇವು ಬಿಸಿಲಿಗೆ ಅಂಜುವುದಿಲ್ಲ. ಹೊಳೆಯುವ ಕೆಂಪು, ನಿಂಬೆಹಳದಿ, ನೇರಳೆ, ಗುಲಾಬಿ ಇವು ಸಾಮಾನ್ಯವಾಗಿ ಸಾವಯವ ವರ್ಣಗಳು, ಹಲವು ಬೇಗ ಪೇಲವವಾಗುತ್ತವೆ. ಆರಿಸಿದ ಛಾಯೆಗೆ ಯಾವ ವರ್ಣದ್ರವ್ಯ ಹಾಕುತ್ತೀರಿ, ಹೊರಗೋಡೆಗೆ ಅದನ್ನು ಒಪ್ಪಿದ್ದಾರೆಯೇ ಎಂದು ಬೆರೆಸುವವರನ್ನು ಕೇಳಿ.

ಗಾಢ ಛಾಯೆಗೆ ಇನ್ನೊಂದು ತೊಡಕಿದೆ. ಗೋಡೆ ಹೆಚ್ಚು ಕಾದು ಹಿಗ್ಗುತ್ತದೆ, ಮಳೆ ಬಿದ್ದೊಡನೆ ಕುಗ್ಗುತ್ತದೆ, ಬಿರುಕು ಬೇಗ ಬಾಯಿ ಬಿಡುತ್ತದೆ. ಒಳಗೆ ತೇವವಿದ್ದರೆ ಕಾದ ಗೋಡೆ ಆವಿಯನ್ನು ಇನ್ನೂ ಜೋರಾಗಿ ಬಣ್ಣದ ಬೆನ್ನಿಗೆ ತಳ್ಳುತ್ತದೆ. ಪಡುವಣ ಗೋಡೆಗೆ ತಿಳಿ ಛಾಯೆಯೇ ಲೇಸು.

ಒಂದು ಗೋಡೆಯ ಲೆಕ್ಕ

ಸಮುದ್ರಕ್ಕೆ ಮುಖಮಾಡಿದ ಒಂದು ಪಡುವಣ ಗೋಡೆ ಇದೆ ಎಂದುಕೊಳ್ಳಿ. 7 ಮೀಟರ್ ಅಗಲ, 6 ಮೀಟರ್ ಎತ್ತರ, ಕಿಟಕಿಗಳು 4 ಚದರ ಮೀಟರ್. ಉಳಿಯುವುದು 38 ಚದರ ಮೀಟರ್. ಪ್ಯಾರಪೆಟ್ ಕೆಳಗೆ ಗುಳ್ಳೆಗಳಿವೆ, ಸಜ್ಜಾದ ಅಡಿಯ ಹಕ್ಕಳೆಗಳ ಬೆನ್ನಲ್ಲಿ ಬಿಳಿ ಹರಳಿದೆ, ನಡುವಿನ ಭಾಗ ಬರೀ ಹುಡಿಯಾಗಿದೆ, ಕೆಲವು ಕೂದಲೆಳೆ ಬಿರುಕುಗಳಿವೆ. ಕೆಳಗೆ ನೆಲದ ತೇವದ ಗುರುತಿಲ್ಲ.

ಪ್ಯಾರಪೆಟ್‌ನ ತಲೆ ಬಿರಿದಿದೆ, ಸಜ್ಜಾಕ್ಕೆ ಗೀರಿಲ್ಲ. ಅವೆರಡನ್ನೂ ಮೊದಲು ಸರಿಪಡಿಸಬೇಕು. ಬಿರುಕುಗಳನ್ನು ಸ್ವಲ್ಪ ಅಗಲಿಸಿ ಹೊರಗೋಡೆಯ ಹಿಗ್ಗುವ ಭರ್ತಿಯಿಂದ ತುಂಬಬೇಕು. ಒಳಗೋಡೆಯ ಪುಟ್ಟಿ ಇಲ್ಲಿ ನಿಲ್ಲದು. ಬಿರುಕು ಕೆಲವೇ ಇರುವುದರಿಂದ ಇಡೀ ಗೋಡೆಗೆ ಇಲಾಸ್ಟೊಮೆರಿಕ್ ಹೊದಿಸುವ ಅಗತ್ಯವಿಲ್ಲ. ಹೀಗಾಗಿ ಸಿಲಿಕೋನ್ ರೆಸಿನ್, ಡಬ್ಲ್ಯೂ 0.08, ಎಸ್‌ಡಿ 0.1 ಇರುವುದನ್ನು ಆರಿಸಿದೆವು. ಗುಣಲಬ್ಧ 0.008, ಮಿತಿಗಿಂತ ಎಷ್ಟೋ ಕೆಳಗೆ.

ಎಷ್ಟು ಬಣ್ಣ ಬೇಕು? ಪತ್ರದಲ್ಲಿ, ನೀರು ಹಾರಿದ ಮೇಲೆ ಉಳಿಯುವ ಘನಾಂಶ ಗಾತ್ರದಲ್ಲಿ ಶೇಕಡಾ 40, ಒಣಗಿದ ಮೇಲೆ ಪ್ರತಿ ಪದರ 60 ಮೈಕ್ರಾನ್ ಇರಬೇಕು ಎಂದಿದೆ. ಶೇಕಡಾ ಅಂಕಿಯನ್ನು 10ರಿಂದ ಗುಣಿಸಿ ಮೈಕ್ರಾನಿನಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಚದರ ಮೀಟರ್ ಎಂದು ಸಿಗುತ್ತದೆ: 400 ಭಾಗಿಸು 60, ಅಂದರೆ 6.7. ಎರಡು ಪದರಕ್ಕೆ 76 ಚದರ ಮೀಟರ್, ಸುಮಾರು 11.4 ಲೀಟರ್. ಒರಟು ಗಾರೆಗೆ ಐದನೇ ಒಂದು ಭಾಗ ಹೆಚ್ಚಿಗೆ ಸೇರಿಸಿದರೆ 14 ಲೀಟರ್ ಹತ್ತಿರ. ಒಬ್ಬರು ಇದೇ ಗೋಡೆಗೆ 8 ಲೀಟರ್ ಸಾಕು ಎಂದರೆ, ನೀರು ಬೆರೆಸಿ ಎಳೆದು ಬಳಿಯುವ ಲೆಕ್ಕ ಅದು. ಪತ್ರದಲ್ಲಿ ಬರೆದ ನೀರುತಡೆ ಅಷ್ಟು ತೆಳ್ಳಗಿನ ಪದರದಲ್ಲಿ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಖಾಲಿ ಡಬ್ಬಗಳನ್ನು ಎಣಿಸುವುದು ಗೋಡೆ ನೋಡುವುದಕ್ಕಿಂತ ನಂಬಿಕೆಯ ಪರೀಕ್ಷೆ.

ಹಂತ 7: ಬಳಿಯುವ ದಿನ

ಹೊಸ ಸಿಮೆಂಟ್ ಗಾರೆ ಇದ್ದರೆ ಕನಿಷ್ಠ 28 ದಿನ ಬಿಡಿ. ಅದು ತೀರ ಕ್ಷಾರವಾಗಿರುತ್ತದೆ, ಅವಸರ ಮಾಡಿದರೆ ಛಾಯೆ ಸುಟ್ಟಂತೆ ಕಲೆಗಟ್ಟುತ್ತದೆ. ಕೈಯಿಂದ ಗೋಡೆ ಸವರಿದಾಗ ಹುಡಿ ಅಂಟಿದರೆ ಒಳಗಿಳಿಯುವ ತೆಳು ಪ್ರೈಮರ್ ಬೇಕು. ಅದೇ ಸಿಲಿಕೋನ್ ಬಣ್ಣದ ಸರಣಿಯದ್ದನ್ನೇ ಬಳಸಿ, ಇಲ್ಲವಾದರೆ ಪ್ರೈಮರ್ ಒಂದೇ ಆವಿಯ ದಾರಿಯನ್ನು ಮುಚ್ಚಿಬಿಡಬಹುದು. ಹೊಳಪಿನ ಚಿಪ್ಪಾಗಿ ಮೇಲೆ ಉಳಿದರೆ ಪ್ರೈಮರ್ ಅತಿಯಾಗಿದೆ.

ತೊಳೆದು ಒಣಗಿದ ಗೋಡೆಗೆ ಬೇಗ ಬಣ್ಣ ಬಳಿಯಿರಿ. ವಾರಗಟ್ಟಲೆ ಬಿಟ್ಟರೆ ಗಾಳಿ ಮತ್ತೆ ಉಪ್ಪು ತಂದಿಡುತ್ತದೆ. ಎರಡು ಪದರಗಳ ನಡುವೆ ಜೋರು ಕಡಲಗಾಳಿ ಬೀಸಿದ್ದರೆ ಎರಡನೆಯದಕ್ಕೆ ಮುನ್ನ ಇನ್ನೊಮ್ಮೆ ಸಿಹಿನೀರಿನಿಂದ ತೊಳೆದು ಒಣಗಿಸಬೇಕು. ಈ ಕೆಲಸವನ್ನು ಯಾರೂ ತಾವಾಗಿ ಮಾಡುವುದಿಲ್ಲ, ನೀವೇ ಹೇಳಬೇಕು.

ಗೋಡೆಯ ಮೈಬಿಸಿ, ಗಾಳಿಯ ತೇವ ಹನಿಗಟ್ಟಲು ತೊಡಗುವ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಗಾಳಿ 30 ಡಿಗ್ರಿ, ಆರ್ದ್ರತೆ ಶೇಕಡಾ 75 ಇದ್ದರೆ ಇಬ್ಬನಿ ಬಿಂದು ಸುಮಾರು 25 ಡಿಗ್ರಿ, ಹಾಗಾಗಿ ಗೋಡೆ 28 ಡಿಗ್ರಿಯಾದರೂ ಇರಬೇಕು. ಮುಂಜಾನೆ ಗೋಡೆ ಅದಕ್ಕಿಂತ ತಂಪಾಗಿರಬಹುದು, ಕಣ್ಣಿಗೆ ಕಾಣದ ತೇವ ಮೈಮೇಲೆ ಇರುತ್ತದೆ. ಮಧ್ಯಾಹ್ನದ ಮೇಲೆ ಪಡುವಣ ಗೋಡೆ ಸುಡುತ್ತದೆ. ಆಗ ಬಳಿದರೆ ಬಣ್ಣದ ನೀರು ಮೊದಲೇ ಹಾರಿ, ಕಣಗಳು ಕೂಡಿಕೊಳ್ಳುವ ಮೊದಲೇ ಪದರ ಒಣಗಿ ಹುಡಿಹುಡಿಯಾಗುತ್ತದೆ. ಹಾಗಾಗಿ ಪಡುವಣ ಗೋಡೆಗೆ ಬೆಳಗಿನ ಒಂಬತ್ತರಿಂದ ನಡುಹಗಲಿನವರೆಗಿನ ನೆರಳಿನ ಹೊತ್ತೇ ಸರಿ.

ಇಡೀ ಗೋಡೆಗೆ ಕೈಹಾಕುವ ಮೊದಲು ಅತಿ ಕೆಟ್ಟ ಜಾಗದಲ್ಲಿ ಒಂದು ಚದರ ಮೀಟರಿನಷ್ಟು ಪೂರ್ತಿ ಕ್ರಮದಲ್ಲಿ ಬಳಿದು ಬಿಡಿ. ಒಂದೆರಡು ವಾರದ ನಂತರ ಬ್ಲೇಡಿನಿಂದ ಅಡ್ಡ ಉದ್ದ ಗೀರಿ, ಗಟ್ಟಿ ಟೇಪ್ ಒತ್ತಿ, ಥಟ್ಟನೆ ಕೀಳಿ. ಟೇಪಿನ ಜೊತೆ ಚೌಕಗಳು ಎದ್ದು ಬಂದರೆ ಅವುಗಳ ಬೆನ್ನನ್ನು ಮೊದಲನೆಯ ಹಂತದಂತೆಯೇ ಓದಿ. ಹುಡಿ ಬಂದರೆ ಪ್ರೈಮರ್ ಸಾಲದು, ಮರಳು ಬಂದರೆ ಗಾರೆ ದುರ್ಬಲ, ಹರಳು ಬಂದರೆ ನೀರು ಇನ್ನೂ ನಿಂತಿಲ್ಲ.

ಬಳಿದ ಮೇಲೆ ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ನಂತರ, ಸಜ್ಜಾದ ಅಡಿ ಮತ್ತು ಮಳೆ ತಾಗದ ಮೂಲೆಗಳನ್ನು ಸಿಹಿನೀರಿನಿಂದ ಮೆಲ್ಲಗೆ ತೊಳೆಯಿರಿ. ಪ್ಯಾರಪೆಟ್‌ನ ತಲೆಯ ಬಿರುಕನ್ನು ಆಗಲೇ ನೋಡಿಕೊಳ್ಳಿ. ಗೋಡೆಗೆ ನೀರು ಚಿಮುಕಿಸಿದಾಗ ಹನಿ ಜಾರದೆ ಅಲ್ಲಲ್ಲೇ ಹರಡಿ ಮೈ ಕಪ್ಪಾಗುತ್ತಿದ್ದರೆ ಆ ಭಾಗದ ನೀರುತಡೆ ಸವೆದಿದೆ. ಹುಡಿ ಏಳುವ ಮೊದಲೇ ಆ ಹಂತದಲ್ಲಿ ತೊಳೆದು ಒಂದು ಪದರ ಕೊಟ್ಟರೆ ಕೆರೆಯುವ ಕೆಲಸ ಉಳಿಯುತ್ತದೆ.